ಮೂರನೆಯ ಪ್ಯಾರಾದಲ್ಲಿ ಅಡಗಿದ್ದ ನೋಟ್‌ಬುಕ್

ನನ್ನ ಗೆಳೆಯನ ಮಗಳು ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಊರು ಕೋಲಾರದ ಕಡೆ. ಕೆರೆಗಳ ಮೇಲೆ ಸಂಶೋಧನೆ ಮಾಡುವ ಪ್ರಾಧ್ಯಾಪಕರೊಬ್ಬರ ಕೈಕೆಳಗೆ ಎರಡು ತಿಂಗಳು ಪ್ರಾಜೆಕ್ಟ್ ಮಾಡುವ ಆಸೆಯಿಂದ ಅವರಿಗೆ ಇಂಗ್ಲಿಷಿನಲ್ಲಿ ಈಮೇಲ್ ಕಳಿಸಿದ್ದಳು. ಮೂರು ವಾರವಾದರೂ ಉತ್ತರ ಬರಲಿಲ್ಲ. "ಅಂಕಲ್, ಏನಾದ್ರೂ ತಪ್ಪು ಬರೆದಿದೀನಾ ನೋಡ್ತೀರಾ?" ಎಂದು ಫೋನನ್ನು ನನ್ನ ಕೈಗಿಟ್ಟಳು.

ತಪ್ಪು ಒಂದೂ ಇರಲಿಲ್ಲ. "ರೆಸ್ಪೆಕ್ಟೆಡ್ ಸರ್, ಐ ಹೋಪ್ ದಿಸ್ ಈಮೇಲ್ ಫೈಂಡ್ಸ್ ಯು ವೆಲ್" ಎಂದು ಆರಂಭ. ಆಮೇಲೆ ತನ್ನ ಹೆಸರು, ಕಾಲೇಜು, ಸೆಮಿಸ್ಟರ್. ಎರಡನೆಯ ಪ್ಯಾರಾದಲ್ಲಿ ನಿಮ್ಮ ಸಂಶೋಧನೆ ನನಗೆ ಬಹಳ ಸ್ಫೂರ್ತಿ ಎಂಬ ಮಾತು. ಮೂರನೆಯ ಪ್ಯಾರಾದ ನಡುವೆ, ಯಾರಿಗೂ ಕಾಣದಂಥ ಜಾಗದಲ್ಲಿ, ಒಂದು ವಾಕ್ಯವಿತ್ತು: ನಮ್ಮ ತಾತ ಊರ ಕೆರೆಯ ನೀರುಗಂಟಿಯಾಗಿದ್ದರು, ತೂಬು ತೆಗೆದ ದಿನಗಳನ್ನು ಅವರು ಬರೆದಿಟ್ಟ ನೋಟ್‌ಬುಕ್‌ಗಳು ಮನೆಯಲ್ಲಿವೆ.

ನಾನು ಅಲ್ಲೇ ನಿಂತೆ. ಕೆರೆ ನೀರನ್ನು ಯಾವ ಗದ್ದೆಗೆ ಯಾವಾಗ ಬಿಡಬೇಕೆಂದು ನೋಡಿಕೊಳ್ಳುವವನು ನೀರುಗಂಟಿ. ಆ ಲೆಕ್ಕವೆಲ್ಲ ಸಾಮಾನ್ಯವಾಗಿ ಬಾಯಲ್ಲೇ ಇದ್ದು ಬಾಯಲ್ಲೇ ಹೋಗುವಂಥದ್ದು. ಅದನ್ನು ಒಬ್ಬರು ಬರೆದಿಟ್ಟಿದ್ದಾರೆ ಎಂದರೆ ಕೆರೆಯ ಬಗ್ಗೆ ಕೆಲಸ ಮಾಡುವ ಯಾರೇ ಆದರೂ ಕುರ್ಚಿಯಿಂದ ಎದ್ದು ಕೂರುತ್ತಾರೆ. ಆದರೆ ಪ್ರಾಧ್ಯಾಪಕರು ಆ ವಾಕ್ಯದವರೆಗೆ ಬಂದಿರಲಾರರು.

ಯಾಕೆ ಬಂದಿರಲಾರರು ಎಂಬುದು ಅವರ ಫೋನಿನ ಪರದೆಯಲ್ಲಿದೆ. ಇನ್‌ಬಾಕ್ಸ್ ತೆರೆದಾಗ ಕಾಣುವುದು ಪೂರ್ತಿ ಪತ್ರವಲ್ಲ. ಕಳಿಸಿದವರ ಹೆಸರು, ಅದರ ಕೆಳಗೆ ವಿಷಯದ ಸಾಲು, ಅದರ ಕೆಳಗೆ ತೆಳ್ಳಗಿನ ಬೂದು ಅಕ್ಷರದಲ್ಲಿ ಪತ್ರದ ಮೊದಲ ಕೆಲವು ಪದ, ಅಷ್ಟೇ. ಫೋನಿನಿಂದ ಫೋನಿಗೆ ವ್ಯತ್ಯಾಸವಿದ್ದರೂ ಆ ಬೂದು ಸಾಲಿನಲ್ಲಿ ಸುಮಾರು 40 ಅಕ್ಷರಕ್ಕೆ ಜಾಗ. "ಐ ಹೋಪ್ ದಿಸ್ ಈಮೇಲ್ ಫೈಂಡ್ಸ್ ಯು ವೆಲ್" ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು, ಖಾಲಿ ಜಾಗವನ್ನೂ ಸೇರಿಸಿ ಎಣಿಸಿದರೆ 32 ಆಗುತ್ತದೆ. ಅದಕ್ಕೂ ಮೊದಲಿನ "ರೆಸ್ಪೆಕ್ಟೆಡ್ ಸರ್," ಸೇರಿದರೆ 47. ಹುಡುಗಿಯ ಪಾಲಿನ ಜಾಗ ಅಲ್ಲಿಗೆ ಮುಗಿಯಿತು. ಪ್ರಾಧ್ಯಾಪಕರ ಕಣ್ಣಿಗೆ ಬಿದ್ದದ್ದು ಆ ದಿನ ಬಂದ ಇನ್ನೂ ಎಷ್ಟೋ ಪತ್ರಗಳ ಮೇಲಿದ್ದ ಅದೇ ಸಾಲು.

ಕ್ಷೇಮ ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಪತ್ರದ ಆರಂಭದಲ್ಲಿ ಕ್ಷೇಮ ಸಮಾಚಾರ ಬಹಳ ಹಳೆಯ ಪದ್ಧತಿ. ರೋಮನ್ನರು "ನೀನು ಚೆನ್ನಾಗಿದ್ದರೆ ಸರಿ, ನಾನು ಚೆನ್ನಾಗಿದ್ದೇನೆ" ಎಂಬ ಒಕ್ಕಣೆಯನ್ನು ಎಷ್ಟು ಬಳಸಿದರೆಂದರೆ, ಕೊನೆಗೆ ಪದಗಳ ಮೊದಲ ಅಕ್ಷರ ಮಾತ್ರ ಬರೆದು ಎಸ್.ವಿ.ಬಿ.ಇ.ಇ.ವಿ. ಎಂದು ಮುಗಿಸುತ್ತಿದ್ದರು. ನಮ್ಮಲ್ಲೂ "ಉಭಯಕುಶಲೋಪರಿ ಸಾಂಪ್ರತ" ಎಂದು ಶುರುವಾಗುತ್ತಿದ್ದ ಕಾಗದಗಳನ್ನು ಓದಿದವರು ಇನ್ನೂ ಇದ್ದಾರೆ. "ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುತ್ತಿರಿ" ಎಂಬ ಸಾಲು ಇನ್‌ಲ್ಯಾಂಡ್ ಲೆಟರ್ ತಲುಪಲು ದಿನಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ನಿಜವಾದ ಸುದ್ದಿಯಾಗಿತ್ತು. ಮಗ ಬದುಕಿದ್ದಾನೆ, ಮನೆಯವರಿಗೆ ಜ್ವರ ಇಳಿದಿದೆ ಎಂಬುದೇ ಆ ಕಾಗದದ ಮುಖ್ಯ ವಿಷಯ. 2020ರಲ್ಲಿ, ಕೊರೊನಾದ ತಿಂಗಳುಗಳಲ್ಲಿ, ಈಮೇಲಿನ ಆ ಸಾಲಿಗೂ ಮತ್ತೆ ಜೀವ ಬಂದಿತ್ತು. ಗುರುತಿಲ್ಲದವರಿಗೆ ಕೆಲಸ ಕೇಳಿ ಬರೆಯುವಾಗ ಅದಕ್ಕೆ ಆ ಜೀವ ಇರುವುದಿಲ್ಲ. ಬರೆದವರು ಉತ್ತರ ನಿರೀಕ್ಷಿಸುವುದಿಲ್ಲ, ಓದಿದವರು ಉತ್ತರ ಕೊಡುವುದಿಲ್ಲ.

"ಹಾಗಾದ್ರೆ ಆ ಸಾಲಿನ ಬದಲು ಏನು ಹಾಕಲಿ?" ಎಂದಳು. ಏನೂ ಹಾಕಬೇಡ, ಮೊದಲು ಅದನ್ನು ಹೊಡೆದುಹಾಕು, ಪತ್ರಕ್ಕೆ ಏನಾದರೂ ನಷ್ಟವಾಯಿತಾ ನೋಡು ಎಂದೆ. ಆಗಲಿಲ್ಲ. ಮುಂದಿನ ವಾಕ್ಯ, ಹೆಸರು ಮತ್ತು ಕಾಲೇಜು. ಅವು ಕೆಳಗೆ ಸಹಿಯ ಜೊತೆ ಹೇಗೂ ಬರುತ್ತವೆ. ಅದನ್ನೂ ಹೊಡೆದಳು. ಅದರ ಮುಂದಿನದು ಸ್ಫೂರ್ತಿಯ ಮಾತು. ಅದನ್ನು ಬಿಡಲು ಅವಳಿಗೆ ಮನಸ್ಸಿಲ್ಲ. ಇದೇ ಸಾಲನ್ನು ಹೆಸರು ಬದಲಿಸಿ ಇನ್ನೊಬ್ಬ ಪ್ರಾಧ್ಯಾಪಕರಿಗೆ ಕಳಿಸಬಹುದಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಳಿಸಿದೀನಿ ಅಂಕಲ್, ಇಬ್ಬರಿಗೆ" ಎಂದಳು. ಹೊಗಳಿಕೆಯೂ ಇನ್ನೊಂದು ಬಗೆಯ ಸಿದ್ಧ ಸಾಲು ಎಂದು ಅವಳಿಗೆ ಆಗಲೇ ಹೊಳೆದದ್ದು. ಹೀಗೆ ಮೇಲಿಂದ ಒಂದೊಂದೇ ಹೊಡೆಯುತ್ತ ಬಂದರೆ, ಹೊಡೆಯಲಾಗದ ಒಂದು ವಾಕ್ಯ ಸಿಗುತ್ತದೆ. ನಾನು ನೋಡಿದ ಮಟ್ಟಿಗೆ ಬಹಳಷ್ಟು ಪತ್ರಗಳಲ್ಲಿ ಅದು ಆಗಲೇ ಬರೆದೇ ಇರುತ್ತದೆ, ಎಲ್ಲೋ ಕೆಳಗೆ. ಇವಳ ಪತ್ರದಲ್ಲಿ ಅದು ತಾತನ ನೋಟ್‌ಬುಕ್.

ಅದನ್ನು ಮೇಲಕ್ಕೆ ತಂದಳು: "ನಾನು ಹುಟ್ಟಿ ಬೆಳೆದ ಹಳ್ಳಿಯಲ್ಲಿ ಒಂದು ದೊಡ್ಡ ಕೆರೆ ಇದ್ದು, ನಮ್ಮ ತಾತ ಅಲ್ಲಿ ನೀರುಗಂಟಿಯಾಗಿದ್ದಾಗ..." ವಿಷಯ ಸರಿ, ಜೋಡಣೆ ಸರಿಯಿಲ್ಲ. ಬೂದು ಸಾಲಿನಲ್ಲಿ ಹಳ್ಳಿಯೂ ಕೆರೆಯೂ ಕಂಡು, ನೋಟ್‌ಬುಕ್ ಬರುವ ಹೊತ್ತಿಗೆ ವಾಕ್ಯ ತುಂಡಾಗುತ್ತದೆ. ಮತ್ತೆ ಬರೆದಳು: "ನೀವು ನಂಬಲಾರದಂಥ ಒಂದು ದಾಖಲೆ ನನ್ನ ಬಳಿ ಇದೆ." ಇದು ಬೇಡವೇ ಬೇಡ ಎಂದೆ. ಏನಿದೆಯೆಂದು ಹೇಳದೆ ಕುತೂಹಲ ಕೆರಳಿಸುವ ಸಾಲು ಲಾಟರಿ ಗೆದ್ದಿರೆಂದು ಬರುವ ಮೋಸದ ಮೇಲ್‌ನ ಹಾಗೆ ಕಾಣುತ್ತದೆ, ಅಂಥದ್ದನ್ನು ಜನ ತೆರೆಯುವುದಿಲ್ಲ. ಎಷ್ಟು ವರ್ಷದ ಲೆಕ್ಕ ಇದೆ ಎಂದು ಕೇಳಿದೆ. ಅವಳು ಊರಿಗೆ ಫೋನ್ ಮಾಡಿ ಅಜ್ಜಿಯ ಕೈಲಿ ಟ್ರಂಕು ತೆಗೆಸಿದಳು. ಹನ್ನೊಂದು ವರ್ಷ.

ಕೊನೆಗೆ ನಿಂತ ಸಾಲು, ಕನ್ನಡದಲ್ಲಿ ಹೇಳುವುದಾದರೆ, ಹೀಗಿತ್ತು: "ಸರ್, ತೂಬು ತೆಗೆದ ದಿನಗಳ 11 ವರ್ಷದ ಲೆಕ್ಕ, ನೀರುಗಂಟಿಯಾಗಿದ್ದ ನಮ್ಮ ತಾತನ ಕೈಬರಹದಲ್ಲಿ, ನನ್ನ ಬಳಿ ಇದೆ." ತೂಬು ಎಂಬ ಪದ ಮೊದಲೇ ಬಂತು. ಅದು ಅವರ ಕೆಲಸದ ಪದ. ಎರಡನೆಯ ವಾಕ್ಯದಲ್ಲೇ ಕೋರಿಕೆ: ಇದನ್ನು ಆ ವರ್ಷಗಳ ಮಳೆ ಲೆಕ್ಕದ ಜೊತೆ ಇಟ್ಟು ನೋಡಲು ಎರಡು ತಿಂಗಳು ನಿಮ್ಮ ಮಾರ್ಗದರ್ಶನ ಬೇಕು. ವಿಷಯದ ಸಾಲಿನಲ್ಲೂ ಅವಳು ನೋಟ್‌ಬುಕ್ಕನ್ನೇ ಹಾಕಿದ್ದಳು. ಎರಡೂ ಕಡೆ ಒಂದೇ ಮಾತಾದರೆ ಇರುವ ಸ್ವಲ್ಪ ಜಾಗದಲ್ಲಿ ಅರ್ಧ ವ್ಯರ್ಥ. ಹಾಗಾಗಿ ಅಲ್ಲಿ "ಎರಡು ತಿಂಗಳ ಕೆರೆ ಪ್ರಾಜೆಕ್ಟ್: ಕೋರಿಕೆ" ಎಂದು ಬದಲಿಸಿದೆವು.

ಹಿರಿಯರಿಗೆ ಹೀಗೆ ನೇರವಾಗಿ ಬರೆದರೆ ಒರಟಾಗುವುದಿಲ್ಲವೇ ಎಂದು ಅವಳ ಅಪ್ಪ ಕೇಳಿದ. ಅದು ನ್ಯಾಯವಾದ ಪ್ರಶ್ನೆ. "ಸರ್" ಎಂಬುದು ಉಳಿದಿದೆ, ಕೊನೆಯಲ್ಲಿ "ನಮಸ್ಕಾರಗಳೊಂದಿಗೆ" ಎಂಬುದೂ ಉಳಿದಿದೆ. ಅವರ ಸಮಯವನ್ನು ಬೇಡದ ಮಾತಿನಿಂದ ತುಂಬಿಸದಿರುವುದೂ ಗೌರವವೇ ಎಂದು ನಾನು ಬಲವಾಗಿ ನಂಬುತ್ತೇನೆ. ಗುರುತಿರುವವರಿಗೆ ಬರೆಯುವಾಗ ಕ್ಷೇಮ ಕೇಳಲೇಬೇಕು, ಆದರೆ ಗೊತ್ತಿದ್ದು ಕೇಳಬೇಕು. "ಕಣ್ಣಿನ ಆಪರೇಷನ್ ಆದಮೇಲೆ ಓದಲು ಆಗುತ್ತಿದೆಯಾ?" ಎಂಬುದು ಮೊದಲ ಸಾಲಾಗಲು ಪೂರ್ತಿ ಯೋಗ್ಯ. ಅದನ್ನು ಒಬ್ಬರಿಗೆ ಮಾತ್ರ ಬರೆಯಲು ಸಾಧ್ಯ. ಕಾಯಿಲೆ ಬಿದ್ದವರಿಗೆ, ಮನೆಯಲ್ಲಿ ಸಾವಾದವರಿಗೆ ಬರೆಯುವಾಗಲಂತೂ ಕೆಲಸದ ಮಾತು ಮೊದಲು ಬರಲೇಬಾರದು. ಇನ್ನು ಹೇಳಲು ಅಂಥದ್ದೇನೂ ಇಲ್ಲದಾಗ, ಬಿಲ್ಲು ಕಳಿಸಿದ್ದೇನೆ, ಸಭೆ ನಾಲ್ಕಕ್ಕೆ ಎಂಬಂಥ ಮೇಲ್‌ಗಳಲ್ಲಿ, ವಿಶೇಷ ಸಾಲು ಹುಡುಕಿ ಒದ್ದಾಡಬೇಕಿಲ್ಲ. ಬಿಲ್ಲಿನ ಮೊತ್ತವೇ ಮೊದಲ ಸಾಲು.

ಅವಳು ಹೊಸ ಪತ್ರ ಕಳಿಸಿದ ಮರುದಿನ ಸಂಜೆ ಪ್ರಾಧ್ಯಾಪಕರ ಉತ್ತರ ಬಂತು. ಪ್ರಾಜೆಕ್ಟಿಗೆ ಜಾಗವಿದೆಯೋ ಇಲ್ಲವೋ ಅದರಲ್ಲಿ ಇರಲಿಲ್ಲ. ಇದ್ದದ್ದು ಒಂದೇ ವಾಕ್ಯ: ಲೆಕ್ಕ ಯಾವ ವರ್ಷದಿಂದ ಶುರುವಾಗುತ್ತದೆ, ಎರಡು ಪುಟದ ಫೋಟೊ ಕಳಿಸಲಾಗುತ್ತದೆಯೇ?

ಅವಳು ಮೊಬೈಲ್ ಹಿಡಿದು ಬರೆಯಲು ಕೂತಳು. ಈ ಸಲ ನನ್ನನ್ನು ಕೇಳಲಿಲ್ಲ. ಮೊದಲ ಸಾಲು, "ಸರ್, 1983ರ ಜೂನ್‌ನಿಂದ."