ಬೆಂಗಳೂರಿನಿಂದ ಶಿಮ್ಲಾಕ್ಕೆ: ಮೂರು ರೈಲು, ಒಂದು ಪಟ್ಟಿ

ಬೆಂಗಳೂರಿನಿಂದ ಶಿಮ್ಲಾಕ್ಕೆ ನೇರ ರೈಲಿಲ್ಲ. ಬ್ರಾಡ್‌ಗೇಜ್ ಹಳಿ ಕಾಲ್ಕಾದಲ್ಲೇ ಮುಗಿಯುತ್ತದೆ. ಅಲ್ಲಿಂದ ಮೇಲಕ್ಕೆ ಹತ್ತುವುದು 1903ರಲ್ಲಿ ಆರಂಭವಾದ, ಸುಮಾರು 96 ಕಿಲೋಮೀಟರ್ ಉದ್ದದ ನ್ಯಾರೋಗೇಜ್ ಹಳಿಯ ಪುಟಾಣಿ ರೈಲು. ಹಾಗಾಗಿ ಕಾಲ್ಕಾದಲ್ಲಿ ರೈಲು ಬದಲಿಸಲೇಬೇಕು, ದಿಲ್ಲಿಯ ಮೂಲಕ ಹೋಗುವವರು ಅಲ್ಲೂ ಬದಲಿಸಬೇಕು. ಟಿಕೆಟ್ ಕೊಳ್ಳುವ ಮೊದಲು ಇಡೀ ಪ್ರಯಾಣವನ್ನು ಒಂದು ಪಟ್ಟಿಯಾಗಿ ಬರೆದುಕೊಂಡರೆ ಎಲ್ಲಿ ಅಪಾಯವಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಸೋಮವಾರ ಸಂಜೆ ಹೊರಡುವವರ ಪಟ್ಟಿ ಹೀಗಿರಬಹುದು. ವೇಳೆಗಳು ಅಂದಾಜಿನವು, ಸೀಟಿನ ಸ್ಥಿತಿ ಉದಾಹರಣೆಗಷ್ಟೇ.

| ರೈಲು | ಹೊರಡುವುದು | ತಲುಪುವುದು | ನಂತರದ ಬಿಡುವು | ಸೀಟು |
|---|---|---|---|---|
| ಕರ್ನಾಟಕ ಎಕ್ಸ್‌ಪ್ರೆಸ್ | ಬೆಂಗಳೂರು, ಸೋಮ ಸಂಜೆ 7.20 | ನವದೆಹಲಿ, ಬುಧ ಬೆಳಿಗ್ಗೆ 9 | 8 ಗಂಟೆ | RAC |
| ಕಾಲ್ಕಾ ಶತಾಬ್ದಿ | ನವದೆಹಲಿ, ಬುಧ ಸಂಜೆ 5.15 | ಕಾಲ್ಕಾ, ರಾತ್ರಿ 9.15 | 9 ಗಂಟೆ | GNWL 24/WL 9 |
| ಪುಟಾಣಿ ರೈಲು | ಕಾಲ್ಕಾ, ಗುರು ಬೆಳಿಗ್ಗೆ 6.20 | ಶಿಮ್ಲಾ, ಮಧ್ಯಾಹ್ನದ ಹೊತ್ತಿಗೆ | – | CNF |

ದಿಲ್ಲಿಯಲ್ಲಿ ಎಂಟು ಗಂಟೆ ಕಾಯುವುದು ದಂಡ ಎನಿಸಬಹುದು. ಕಡಿಮೆ ಕಾಯುವ ದಾರಿಯೂ ಇದೆ. ರಾಜಧಾನಿ ಎಕ್ಸ್‌ಪ್ರೆಸ್ ಬೆಳಗಿನ ಜಾವ ಐದೂವರೆಗೆ ದಿಲ್ಲಿ ಸೇರುತ್ತದೆ. ಬೆಳಗಿನ ಶತಾಬ್ದಿ 7.40ಕ್ಕೆ ಹೊರಡುತ್ತದೆ. ಕಾಗದದ ಮೇಲೆ ಎರಡು ಗಂಟೆಗೂ ಮಿಕ್ಕಿ ಸಮಯವಿದೆ. ಆದರೆ ರಾಜಧಾನಿ ಬಂದು ನಿಲ್ಲುವುದು ಹಜರತ್ ನಿಜಾಮುದ್ದೀನ್‌ನಲ್ಲಿ, ಶತಾಬ್ದಿ ಹೊರಡುವುದು ನವದೆಹಲಿ ನಿಲ್ದಾಣದಿಂದ. ಸಾಮಾನು ಇಳಿಸಿ, ಆಟೊ ಹಿಡಿದು, ಪ್ಲಾಟ್‌ಫಾರ್ಮ್ ಹುಡುಕುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಉಳಿದ ಒಂದು ಗಂಟೆಯೇ ನಿಜವಾದ ಬಿಡುವು. ಡಿಸೆಂಬರ್, ಜನವರಿಯಲ್ಲಿ ಉತ್ತರದ ಮಂಜಿಗೆ ರೈಲುಗಳು ಹಲವು ಗಂಟೆ ತಡವಾಗುವುದುಂಟು. ಆಗ ಅದು ಯಾವ ಮೂಲೆಗೂ ಸಾಲದು. ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಓಡಿ ಬರುವ ರೈಲಿನ ನಂತರ ಅರ್ಧ ದಿನದ ಬಿಡುವು ಇಟ್ಟುಕೊಳ್ಳುವುದೇ ಜಾಣತನ.

ಇನ್ನು ಸೀಟಿನ ಅಂಕಣ. CNF ಎಂದರೆ ಸೀಟು ಖಾತ್ರಿ. RAC ಇದ್ದರೂ ರೈಲು ಹತ್ತಬಹುದು, ಆದರೆ ಪೂರ್ತಿ ಬರ್ತ್ ಸಿಗದಿದ್ದರೆ ಪಕ್ಕದ ಕೆಳಬರ್ತನ್ನು ಇನ್ನೊಬ್ಬರ ಜೊತೆ ಹಂಚಿಕೊಂಡು ಎರಡು ರಾತ್ರಿ ಕಳೆಯಬೇಕು. GNWL 24/WL 9 ಎಂಬುದರಲ್ಲಿ ಮೊದಲ ಅಂಕಿ ಟಿಕೆಟ್ ಕೊಂಡಾಗಿನ ಸ್ಥಾನ, ಎರಡನೆಯದು ಈಗಿನ ಸ್ಥಾನ. ಇಪ್ಪತ್ತನಾಲ್ಕರಿಂದ ಒಂಬತ್ತಕ್ಕೆ ಇಳಿದಿದ್ದು ಒಳ್ಳೆಯದೇ. ಆದರೆ ಚಾರ್ಟ್ ಸಿದ್ಧವಾದ ಮೇಲೂ ಹೆಸರು ವೇಟಿಂಗ್ ಲಿಸ್ಟ್‌ನಲ್ಲೇ ಉಳಿದರೆ ಆನ್‌ಲೈನ್ ಟಿಕೆಟ್ ತಾನಾಗಿ ರದ್ದಾಗುತ್ತದೆ. ಹಣ ವಾಪಸು ಬರುತ್ತದೆ, ಪ್ರಯಾಣ ನಿಲ್ಲುತ್ತದೆ.

ಆ ಚಾರ್ಟ್ ಯಾವಾಗ ಸಿದ್ಧವಾಗುತ್ತದೆ ಎಂಬುದನ್ನು ಹೆಚ್ಚಿನವರು ಪಟ್ಟಿಯಲ್ಲಿ ಬರೆದುಕೊಳ್ಳುವುದೇ ಇಲ್ಲ. 2025ರಿಂದ ಚಾರ್ಟ್ ಮೊದಲಿಗಿಂತ ಬೇಗ, ರೈಲು ಹೊರಡುವ ಎಂಟು ಹತ್ತು ಗಂಟೆ ಮುಂಚೆ ಸಿದ್ಧವಾಗುತ್ತದೆ. ಬೆಳಗಿನ ರೈಲುಗಳದ್ದು ಹಿಂದಿನ ರಾತ್ರಿಯೇ. ಇದನ್ನು ಮೇಲಿನ ಪಟ್ಟಿಗೆ ಹೊಂದಿಸಿ ನೋಡಿದರೆ, ಕರ್ನಾಟಕ ಎಕ್ಸ್‌ಪ್ರೆಸ್‌ನ ತೀರ್ಮಾನ ಸೋಮವಾರ ಮಧ್ಯಾಹ್ನದೊಳಗೆ ಮನೆಯಲ್ಲಿರುವಾಗಲೇ ತಿಳಿಯುತ್ತದೆ. ಶತಾಬ್ದಿಯದು ತಿಳಿಯುವುದು ಬುಧವಾರ ಬೆಳಿಗ್ಗೆ. ಅಷ್ಟರಲ್ಲಿ ಪ್ರಯಾಣಿಕರು ದಿಲ್ಲಿಯ ಹತ್ತಿರ ಬಂದಿರುತ್ತಾರೆ. ಎ.ಸಿ. ತತ್ಕಾಲ್ ಕೂಡ ಹಿಂದಿನ ದಿನ ಹತ್ತು ಗಂಟೆಗೇ ತೆರೆದು ಮುಗಿದಿರುತ್ತದೆ. ಆದ್ದರಿಂದ ವೇಟಿಂಗ್ ಲಿಸ್ಟನ್ನು ಸಹಿಸಬಹುದಾದದ್ದು ಮೊದಲ ಸಾಲಿನಲ್ಲಿ ಮಾತ್ರ. ಅದು ಸಿಗದಿದ್ದರೆ ಹೊರಡದೆ ಉಳಿಯಬಹುದು. ಈ ಪಟ್ಟಿಯಲ್ಲಿ ಅದು ಕೂತಿರುವುದು ನಡುವಿನ ಸಾಲಿನಲ್ಲಿ, ಅಂದರೆ ಅತ್ಯಂತ ಕೆಟ್ಟ ಜಾಗದಲ್ಲಿ.

ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ನವೆಂಬರ್‌ಗೆ ಮುಂಚೆ ಅದು 120 ದಿನವಿತ್ತು. ಸೋಮ, ಬುಧ, ಗುರುವಾರದ ರೈಲುಗಳಿಗೆ ಬುಕಿಂಗ್ ಬೇರೆ ಬೇರೆ ದಿನ ತೆರೆಯುವುದರಿಂದ ಮೂರೂ ಟಿಕೆಟ್ ಒಂದೇ ಬೆಳಿಗ್ಗೆ ಸಿಗುವುದಿಲ್ಲ. ಹೀಗಾಗಿ ಬುಕಿಂಗ್ ತೆರೆಯುವ ದಿನವನ್ನೂ ಚಾರ್ಟ್‌ನ ಹೊತ್ತನ್ನೂ ಪಟ್ಟಿಯಲ್ಲಿ ಎರಡು ಅಂಕಣವಾಗಿ ಸೇರಿಸಿಕೊಳ್ಳಬೇಕು.

ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಏನು ಗತಿ? 2019ರ ಏಪ್ರಿಲ್‌ನಿಂದ ಎರಡು PNRಗಳನ್ನು ಒಂದಕ್ಕೊಂದು ಜೋಡಿಸಲು ಅವಕಾಶವಿದೆ. ಎರಡರಲ್ಲೂ ಪ್ರಯಾಣಿಕರ ವಿವರ ಒಂದೇ ಇರಬೇಕು. ಹೀಗೆ ಜೋಡಿಸಿದ್ದರೆ, ಮೊದಲ ರೈಲು ತಲುಪಿದ ಮೂರು ಗಂಟೆಯೊಳಗೆ ಕೋರಿಕೆ ಸಲ್ಲಿಸಿ ಪ್ರಯಾಣಿಸದ ಭಾಗದ ಹಣವನ್ನು ರದ್ದತಿ ಶುಲ್ಕವಿಲ್ಲದೆ ಪಡೆಯಬಹುದು. ಆದರೆ ಮುಂದಿನ ರೈಲಿನಲ್ಲಿ ಸೀಟು ಕೊಡುವ ಹೊಣೆ ರೈಲ್ವೆಯದ್ದಲ್ಲ. ಎರಡನೆಯ ಮತ್ತು ಮೂರನೆಯ ಸಾಲಿನಲ್ಲಿ CNF ಬರುವವರೆಗೂ ಶಿಮ್ಲಾದ ಹೋಟೆಲಿಗೆ ಮುಂಗಡ ಕಟ್ಟಬೇಡಿ.