ಸೊಂಟ ಜೋತುಬಿದ್ದರೆ ಪ್ಲ್ಯಾಂಕ್ ಅಲ್ಲ

ಯಾರು ಹೆಚ್ಚು ಹೊತ್ತು ಪ್ಲ್ಯಾಂಕ್ ಹಿಡಿಯುತ್ತಾರೆ ಅಂತ ಮೈದಾನದಲ್ಲಿ ಹುಡುಗರು ಪಂದ್ಯ ಕಟ್ಟುವುದುಂಟು. ಎರಡು ನಿಮಿಷ ದಾಟಿದವನನ್ನು ಪಕ್ಕದಿಂದ ನೋಡಿ. ಎಷ್ಟೋ ಸಲ ಹೊಟ್ಟೆ ನೆಲದತ್ತ ಇಳಿದು, ಬೆನ್ನಿನ ಕೆಳಭಾಗ ಹಳ್ಳ ಬಿದ್ದಿರುತ್ತದೆ. ಹೊಟ್ಟೆಯ ಸ್ನಾಯುಗಳು ಕೈಬಿಟ್ಟಿವೆ, ಒತ್ತಡವೆಲ್ಲ ಬೆನ್ನುಮೂಳೆಯ ಕೀಲುಗಳ ಮೇಲೆ ಬಿದ್ದಿದೆ ಎಂದರ್ಥ.

ಕೋರ್ ಎಂದರೆ ಬರೀ ಸಿಕ್ಸ್ ಪ್ಯಾಕ್ ಅಲ್ಲ. ಹೊಟ್ಟೆ, ಪಕ್ಕೆ, ಬೆನ್ನು, ಪೃಷ್ಠದ ಸ್ನಾಯುಗಳು ಒಟ್ಟಿಗೆ ಬಿಗಿಯಾಗಿ, ಕೈಕಾಲು ಆಡುವಾಗ ನಡು ಅಲುಗದಂತೆ ಹಿಡಿಯುತ್ತವೆ. ಕಬಡ್ಡಿ ರೈಡರ್ ಒಂಟಿಕಾಲಲ್ಲಿ ನಿಂತು ಇನ್ನೊಂದನ್ನು ಚಾಚುವಾಗ ಬೇಕಾಗುವುದು ಇದೇ.

ಮೊಣಕೈ ಭುಜದ ನೇರ ಕೆಳಗಿರಲಿ. ಪೃಷ್ಠ ಬಿಗಿಹಿಡಿದು, ಸೊಂಟದ ಮುಂಭಾಗವನ್ನು ಪಕ್ಕೆಲುಬಿನ ಕಡೆ ತುಸು ಎಳೆದುಕೊಳ್ಳಿ. ಗೆಳೆಯನೊಬ್ಬ ಬೆನ್ನುದ್ದಕ್ಕೂ ಒಂದು ಕೋಲಿಡಲಿ. ಅದು ತಲೆಯ ಹಿಂಭಾಗ, ಮೇಲ್ಬೆನ್ನು, ಪೃಷ್ಠದ ನಡುಭಾಗ ಮೂರಕ್ಕೂ ತಾಗಬೇಕು. ಉಸಿರು ಕಟ್ಟದೆ 10 ಸೆಕೆಂಡ್ ಹಿಡಿದು, ಇಳಿದು, ಮತ್ತೆ ಹಿಡಿಯಿರಿ. ಐದಾರು ಸಲ ಸಾಕು. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಕೂಡ ಇಂಥ ಚಿಕ್ಕ ಹಿಡಿತಗಳನ್ನೇ ಹೇಳುತ್ತಾರೆ. ಕಷ್ಟವಾದರೆ ಮೊಣಕಾಲೂರಿ ಮಾಡಿ.

ಕೋಲು ಜಾರದಂತಾದ ಮೇಲೆ ಪಕ್ಕಕ್ಕೆ ಮಾಡುವ ಸೈಡ್ ಪ್ಲ್ಯಾಂಕ್. ಆಮೇಲೆ ಅಂಗೈ ಊರಿ, ಒಂದೊಂದೇ ಕೈ ಎತ್ತಿ ಎದುರು ಭುಜ ಮುಟ್ಟುವುದು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ, ಏಕೆಂದರೆ ತಪ್ಪನ್ನು ಮುಚ್ಚಿಡಲು ಆಗುವುದಿಲ್ಲ: ಸೊಂಟ ಅತ್ತಿತ್ತ ತೂಗಿದರೆ ಕೂಡಲೇ ಕಾಣುತ್ತದೆ. ಆಗ ಕಾಲುಗಳನ್ನು ಅಗಲಿಸಿ, ನಿಧಾನಿಸಿ.

ಬೆನ್ನು ಹಿಂದಕ್ಕೆ ಬಾಗಿಸಿದಾಗ ಬರುವ ನೋವು ವಾರಗಟ್ಟಲೆ ಉಳಿದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹದಿಹರೆಯದ ಆಟಗಾರರಲ್ಲಿ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರುವುದೂ ಉಂಟು.