ಬಿಡಿಸಲಾಗದಂತೆ ಹೆಣೆದುಕೊಂಡ ಕಾರಣಗಳು

ದೇಶದ ಉತ್ಪನ್ನ ನೂರು ಕೋಟಿ ಡಾಲರ್ ಹೆಚ್ಚಿದರೆ ಎಷ್ಟು ಜನರಿಗೆ ಕೆಲಸ ಸಿಗುತ್ತದೆ? ಅಮೆರಿಕದ 1947ರಿಂದ 1962ರವರೆಗಿನ ಹದಿನಾರು ವರ್ಷಗಳ ಅಂಕಿಗಳಿಗೆ ಈ ಪ್ರಶ್ನೆ ಹಾಕೋಣ. ಕಂಪ್ಯೂಟರಿನ ರಿಗ್ರೆಶನ್ ಲೆಕ್ಕ ಎಷ್ಟು ನಿಖರವೆಂದು ಪರೀಕ್ಷಿಸಲು ಜೇಮ್ಸ್ ಲಾಂಗ್ಲಿ 1967ರಲ್ಲಿ ಬಳಸಿದ ಅಂಕಿಗಳಿವು. ಇಂದಿಗೂ R ತಂತ್ರಾಂಶದಲ್ಲಿ `longley` ಎಂಬ ಹೆಸರಿನಲ್ಲಿ ಸಿಗುತ್ತವೆ.

ಉತ್ಪನ್ನವೊಂದನ್ನೇ ಇಟ್ಟು ಲೆಕ್ಕ ಹಾಕಿದರೆ ಉತ್ತರ ಸುಮಾರು 35 ಸಾವಿರ ಉದ್ಯೋಗ. ಜನಸಂಖ್ಯೆಯನ್ನೂ ಸೇರಿಸಿದರೆ ಅದು 63 ಸಾವಿರಕ್ಕೆ ಏರುತ್ತದೆ. ಬೆಲೆ ಸೂಚ್ಯಂಕ, ನಿರುದ್ಯೋಗಿಗಳು, ಸೈನಿಕರ ಸಂಖ್ಯೆ, ವರ್ಷ ಎಲ್ಲವನ್ನೂ ಸೇರಿಸಿದರೆ 36 ಸಾವಿರ ಉದ್ಯೋಗ ಕಡಿಮೆಯಾಗುತ್ತದೆ ಎಂದು ಬರುತ್ತದೆ! ಲೆಕ್ಕದಲ್ಲಿ ತಪ್ಪಿಲ್ಲ. ಆ ವರ್ಷಗಳಲ್ಲಿ ಉತ್ಪನ್ನ, ಜನಸಂಖ್ಯೆ, ಬೆಲೆ ಮೂರೂ ಕಾಲದ ಜೊತೆಗೇ ಏರಿದವು. ಉತ್ಪನ್ನ ಏರಿ ಜನಸಂಖ್ಯೆ ನಿಂತಲ್ಲೇ ನಿಂತ ವರ್ಷ ಒಂದೂ ಇಲ್ಲದಿರುವಾಗ, ಯಾವುದರ ಪಾಲು ಎಷ್ಟೆಂದು ಅಂಕಿಗಳು ಹೇಳುವುದಾದರೂ ಹೇಗೆ?

ಈ ಹೆಣಿಗೆಯನ್ನು ಅಳೆಯುವುದೇ ವೇರಿಯನ್ಸ್ ಇನ್‌ಫ್ಲೇಶನ್ ಫ್ಯಾಕ್ಟರ್, ಅಂದರೆ ವಿಐಎಫ್. ಉತ್ಪನ್ನವನ್ನು ಉಳಿದ ಐದು ಅಂಶಗಳಿಂದಲೇ ಎಷ್ಟರಮಟ್ಟಿಗೆ ಊಹಿಸಬಹುದೆಂದು ಮೊದಲು ನೋಡುತ್ತಾರೆ. ಆ ಪ್ರಮಾಣ R² ಆದರೆ ವಿಐಎಫ್ = 1/(1−R²). ಯಾವ ಹೆಣಿಗೆಯೂ ಇಲ್ಲದಿದ್ದರೆ 1 ಬರುತ್ತದೆ. 10 ದಾಟಿದರೆ ಎಚ್ಚರ ಎನ್ನುವುದು ರೂಢಿ. ಇಲ್ಲಿ ಉತ್ಪನ್ನದ್ದು ಸುಮಾರು 1,789, ಸೈನಿಕರ ಸಂಖ್ಯೆಯದ್ದು 3.6. ವಿಐಎಫ್‌ನ ವರ್ಗಮೂಲ ತೆಗೆದರೆ ಅರ್ಥ ಸ್ಪಷ್ಟವಾಗುತ್ತದೆ: ಹೆಣಿಗೆಯೇ ಇಲ್ಲದಿದ್ದರೆ ಇರುತ್ತಿದ್ದುದಕ್ಕಿಂತ ಉತ್ಪನ್ನದ ಅಂದಾಜಿನ ಅನಿಶ್ಚಿತತೆ 42 ಪಟ್ಟು ಹಿಗ್ಗಿದೆ. ಹಾಗಾಗಿಯೇ ಅದರ ಶೇ. 95 ವಿಶ್ವಾಸ ವ್ಯಾಪ್ತಿ 112 ಸಾವಿರ ಇಳಿಕೆಯಿಂದ 40 ಸಾವಿರ ಏರಿಕೆಯವರೆಗೂ ಚಾಚಿಕೊಂಡಿದೆ.

ಎಷ್ಟೋ ಪ್ರಬಂಧಗಳು "ವಿಐಎಫ್ ಪರೀಕ್ಷಿಸಲಾಯಿತು, ಹೆಚ್ಚಿದ್ದವನ್ನು ಕೈಬಿಡಲಾಯಿತು" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ನನ್ನ ತಕರಾರು ಇರುವುದು ಇಲ್ಲಿಯೇ. ಜನಸಂಖ್ಯೆಯನ್ನು ಬಿಟ್ಟರೆ ಉತ್ತರ 63ರಿಂದ 35 ಸಾವಿರಕ್ಕೆ ಇಳಿಯುವುದನ್ನು ಈಗಷ್ಟೇ ಕಂಡೆವು. ಬಿಟ್ಟ ಅಂಶದ ಪ್ರಭಾವ ಮಾಯವಾಗುವುದಿಲ್ಲ, ಉಳಿದದ್ದರ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಅಂಶದ ವಿಐಎಫ್, ಯಾವುದನ್ನು ಯಾವ ಕಾರಣಕ್ಕೆ ಬಿಟ್ಟೆವು, ಬಿಡುವ ಮೊದಲು ಮತ್ತು ನಂತರದ ಅಂದಾಜು ಎಷ್ಟು ಎಂಬುದೆಲ್ಲ ಓದುಗರ ಕಣ್ಣಿಗೆ ಬೀಳಬೇಕು.

ಬಿಡುವುದೊಂದೇ ದಾರಿಯಲ್ಲ. ಇಲ್ಲಿನ ಉತ್ಪನ್ನ ಆಯಾ ವರ್ಷದ ಬೆಲೆಯಲ್ಲಿದೆ. ಅದನ್ನು ಬೆಲೆ ಸೂಚ್ಯಂಕದಿಂದ ಭಾಗಿಸಿದರೆ ಎರಡು ಅಂಶಗಳು ಅರ್ಥವುಳ್ಳ ಒಂದೇ ಅಂಶವಾಗುತ್ತವೆ. ಉದ್ಯೋಗದ ಒಟ್ಟು ಸಂಖ್ಯೆಯನ್ನು ಅಂದಾಜಿಸುವುದಷ್ಟೇ ಉದ್ದೇಶವಾಗಿದ್ದು, ಅಂಶಗಳು ಮುಂದೆಯೂ ಹೀಗೇ ಜೊತೆಯಾಗಿ ಸಾಗುವುದಾದರೆ, ಏನನ್ನೂ ಬಿಡದೆ ಇರಬಹುದು: ಆರೂ ಅಂಶಗಳು ಸೇರಿ ಉದ್ಯೋಗದ ಏರಿಳಿತದ ಶೇ. 99.5ರಷ್ಟನ್ನು ವಿವರಿಸುತ್ತವೆ. ಆಗ ಪ್ರಬಂಧದಲ್ಲಿ ಹೀಗೆ ಬರೆದರೆ ಸಾಕು: "ಉತ್ಪನ್ನದ ವಿಐಎಫ್ 1,789. ಹಾಗಾಗಿ ಉತ್ಪನ್ನವೊಂದರ ಪ್ರಭಾವದ ಬಗ್ಗೆ ನಾವು ಯಾವ ತೀರ್ಮಾನಕ್ಕೂ ಬಂದಿಲ್ಲ."